ಏರಿಕೆ ಕ್ರಮದಲ್ಲಿ ಬರೆಯಿರಿ

ಹೆಂಡತಿ ತೀರಿಕೊಂಡ ವರ್ಷ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಬೆಳಿಗ್ಗೆ ನಾರಾಯಣಪೇಟೆಯಲ್ಲಿ ಬಸ್ ಹತ್ತುತ್ತಿದ್ದೆ, ಮಕ್ತಲದಲ್ಲಿ ಇಳಿದು ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಗಣಿತ ಹೇಳುತ್ತಿದ್ದೆ. ಬಾಯಿ ತನ್ನ ಪಾಡಿಗೆ ಪಾಠ ಮಾಡುತ್ತಿತ್ತು. ಸಿಟ್ಟೊಂದು ಮಾತ್ರ ನನ್ನಲ್ಲಿ ಉಳಿದಿತ್ತು.

ವಿದ್ಯಾರ್ಥಿವೇತನದ ಪರೀಕ್ಷೆಗೆ ನಾಲ್ಕು ಮಕ್ಕಳ ಹೆಸರು ಕಳಿಸಬೇಕಿತ್ತು. ಕೊನೆಯ ಬೆಂಚಿನ ಹುಡುಗಿಗೆ ಅದು ಬೇಕೇ ಬೇಕಾಗಿತ್ತು. ಸಿಕ್ಕರೆ ಓದಿಸುತ್ತೇನೆ, ಇಲ್ಲದಿದ್ದರೆ ಗದ್ವಾಲ ಕಡೆ ಬೀಜದ ಹತ್ತಿಯ ಹೊಲಗಳ ಕೆಲಸಕ್ಕೆ ನನ್ನ ಜೊತೆ ಕರೆದೊಯ್ಯುತ್ತೇನೆ ಎಂದು ಅವಳ ತಾಯಿ ನನಗೇ ಹೇಳಿದ್ದಳು.

ಮಕ್ಕಳನ್ನು ಆರಿಸಲು ಬೋರ್ಡಿನ ಮೇಲೆ ಒಂದು ಲೆಕ್ಕ ಕೊಟ್ಟೆ. 3/4, −1.5, 2/5, −0.25: ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಅವಳು ಬರೆದದ್ದು 0.25, 2/5, 3/4, 1.5.

"ಮೈನಸ್ ಎರಡೂ ಎಲ್ಲಿ ಮೇಯಾಕ ಹೋಗ್ಯಾವ?" ಎಂದೆ. ತರಗತಿ ನಕ್ಕಿತು. ಪುಸ್ತಕ ನೋಡಿ ಮಾಡುವ ಮನೆಲೆಕ್ಕ ಅವಳದು ಯಾವಾಗಲೂ ಸರಿ ಇರುತ್ತಿತ್ತು. ಹಾಗಾದರೆ ಅದು ಕಾಪಿ ಎಂದು ತೀರ್ಮಾನಿಸಿ ಅವಳ ಹೆಸರು ಬಿಟ್ಟೆ.

ಆಮೇಲೆ ಉತ್ತರ ಬಿಡಿಸಿ ತೋರಿಸಿದೆ. ಮೊದಲು ಭಿನ್ನರಾಶಿಯನ್ನು ದಶಮಾಂಶ ಮಾಡಿ: 3/4 ಅಂದರೆ 0.75, 2/5 ಅಂದರೆ 0.4. ಒಂದು ಗೆರೆ ಎಳೆದು ನಡುವೆ ಸೊನ್ನೆ ಇಡಿ. ಬಲಕ್ಕೆ ಹೋದಷ್ಟೂ ದೊಡ್ಡದು, ಎಡಕ್ಕೆ ಹೋದಷ್ಟೂ ಚಿಕ್ಕದು. 1.5 ದೊಡ್ಡದೇ, ಆದರೆ ಮೈನಸ್ ಬಂದರೆ ಅದು −0.25ಕ್ಕಿಂತ ಇನ್ನೂ ಎಡಕ್ಕೆ ಕೂರುತ್ತದೆ, ಚಿಕ್ಕದಾಗುತ್ತದೆ. ಆದ್ದರಿಂದ −1.5, −0.25, 2/5, 3/4.

ಎರಡು ವಾರದ ಮೇಲೆ ಕಣ್ಣು ಪರೀಕ್ಷೆ ಮಾಡುವವರು ಶಾಲೆಗೆ ಬಂದರು. "ಸರ, ಈ ಹುಡುಗಿಗೆ ಬೋರ್ಡ್ ಸರಿ ಕಾಣಂಗಿಲ್ರೀ. ಮುಂದ ಕೂಡಿಸ್ರೀ," ಎಂದರು ಅವರಲ್ಲೊಬ್ಬರು.

ಅವಳ ಉತ್ತರಪತ್ರಿಕೆಯನ್ನು ಮತ್ತೆ ತೆಗೆದೆ. ಮಕ್ಕಳ ಕಣ್ಣು ತಪ್ಪಬಾರದೆಂದು ದಶಮಾಂಶದ ಚುಕ್ಕೆಯನ್ನು ನಾನು ಜೋಳದ ಕಾಳಿನಷ್ಟು ದಪ್ಪ ಇಡುತ್ತೇನೆ. ಮೈನಸ್ ಮಾತ್ರ ಸಣ್ಣಗೆ ಎಳೆಯುತ್ತೇನೆ. ಅವೆರಡು ಗೆರೆ ಇಲ್ಲದಿದ್ದರೆ 0.25, 0.4, 0.75, 1.5. ಅವಳ ಜೋಡಣೆ ಸರಿಯಾಗಿಯೇ ಇತ್ತು. ಕಂಡದ್ದಕ್ಕೆ ಉತ್ತರ ಬರೆದಿದ್ದಳು.

ಕಚೇರಿಗೆ ಫೋನ್ ಮಾಡಿದೆ. ಹೆಸರು ಕಳಿಸುವ ಕೊನೆಯ ದಿನ ಮುಗಿದುಹೋಗಿತ್ತು. ಫೋನ್ ಇಟ್ಟು ಚಹಾ ಕುಡಿದೆ. ಅಳುವೂ ಬರಲಿಲ್ಲ, ಅದಕ್ಕೇ ನಾಚಿಕೆಯಾಯಿತು.

ಮಧ್ಯಾಹ್ನ ಅವಳೇ ಬಂದಳು, ಕೈಯಲ್ಲಿ ಎರಡು ಚೀಟಿ. ಗೆಳತಿಯ ಕಣ್ಣಿನ ನಂಬರ್ −0.50, ಇವಳದು −2.25. ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದಳು.

"ಸರ, ನಂದು ಸಣ್ಣದು, ಅಲ್ರೀ? ಸೊನ್ನಿಯಿಂದ ಎಡಕ್ಕ ಭಾಳ ದೂರ ಐತಿ."

"ಹೌದವ್ವಾ. ಸರಿ ಐತಿ."

ಅವಳ ಮುಖ ಅರಳಿತು. "ಹಂಗಾದ್ರ ಆ ಪರೀಕ್ಷಾಕ್ಕ ನನ್ನ ಹೆಸರು ಬರೀತೀರೇನ್ರೀ?"