ಅಣ್ಣ ಎಂದು ಬರೆದ ಮೇಲ್‌ಗಳು

ವ್ಯಾಪಾರಕ್ಕೆ ಕೂತವನು ಮೊದಲು ತೀರ್ಮಾನಿಸಬೇಕಾದ್ದು ಎದುರಿನವರನ್ನು ಏನೆಂದು ಕರೆಯಬೇಕು ಎಂಬುದನ್ನು. ದರದ ಮಾತು ಆಮೇಲೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬರಿಗೈಯಲ್ಲಿ ನಿಂತು ನಾನು ಕಲಿತ ಪಾಠ ಇದು. ಈಗ ಹರಾಜು ಮೊಬೈಲಿಗೆ ಬಂದಿದೆ, ಆದರೂ ಜಂಗಮಕೋಟೆ ಕಡೆಯಿಂದ ರೇಷ್ಮೆಗೂಡು ತಂದ ರೈತನ ಹತ್ತಿರ ಹೋಗಿ, ಅವನು ನನಗಿಂತ ಚಿಕ್ಕವನಾದರೂ ‘ಏನಣ್ಣ, ಈ ಸಲ ಹಿಪ್ಪುನೇರಳೆ ಸೊಪ್ಪು ಚೆನ್ನಾಗಿತ್ತಾ?’ ಎಂದೇ ಶುರು ಮಾಡುತ್ತೇನೆ. ಕರೆದದ್ದು ಹಿಡಿಸದಿದ್ದರೆ ಅವನ ಹುಬ್ಬಿನಲ್ಲೇ ಗೊತ್ತಾಗುತ್ತದೆ. ಆ ಕ್ಷಣವೇ ‘ಸ್ವಾಮಿ’ ಎಂದು ತಿರುಗಿಸಿದರಾಯಿತು. ಮೇಲ್‌ಗೆ ಹುಬ್ಬಿಲ್ಲ. ಅಲ್ಲೇ ನನ್ನ ಕಷ್ಟ.

ನಮ್ಮದು ಗೂಡಿನಿಂದ ನೂಲು ತೆಗೆಯುವ ಚಿಕ್ಕ ಘಟಕ. ನೂಲಿನ ಬಹುಪಾಲು ಬೆಂಗಳೂರಿನ ಒಂದು ಸೀರೆ ಕಂಪನಿಗೆ ಹೋಗುತ್ತಿತ್ತು. ಅಲ್ಲಿನ ಖರೀದಿ ಅಧಿಕಾರಿ ವಿದುರಾಶ್ವತ್ಥದ ಹತ್ತಿರದವರು. ಮೊದಲ ದಿನ ನಾನು ನೂಲಿನ ಮಾದರಿ ಹಿಡಿದು ಹೋದಾಗ ನನ್ನ ಮಾತಿನ ಧಾಟಿ ಕೇಳಿಯೇ ನಕ್ಕಿದ್ದರು. “ಏಮಿ ತಮ್ಮುಡೂ, ಗಡಿ ಕಡೆಯೋನಾ?” ಎಂದು ತೆಲುಗು ಬೆರೆಸಿ ಕೇಳಿದರು. “ಹೌದಣ್ಣ” ಎಂದೆ. ಅಷ್ಟಕ್ಕೇ ಅವರು ಅಣ್ಣ ಆದರು. ನೂಲಿನಲ್ಲಿ ಒಂದು ಗಂಟು ಕಂಡರೂ ಮಾಲು ವಾಪಸ್ ಕಳಿಸುತ್ತಿದ್ದ ಮನುಷ್ಯ. ಅಣ್ಣ ಎಂದ ಮಾತ್ರಕ್ಕೆ ಒಂದು ದಿನವೂ ಬಿಟ್ಟುಕೊಟ್ಟವರಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೇಲ್ ಬರೆಯುವುದು ನನ್ನ ತಂಗಿಯ ಮಗಳು, ನನಗೆ ಸೋದರ ಸೊಸೆ. ಬಿ.ಕಾಂ. ಮುಗಿಸಿ ನಮ್ಮ ಘಟಕದ ಲೆಕ್ಕ ನೋಡುತ್ತಾಳೆ. ಮಾಲು ಹೊರಟಿತು ಎಂಬ ಮೇಲಿಗೂ ನಾನು ಮೇಲೆ ‘ಡಿಯರ್ ಅಣ್ಣ’, ಕೆಳಗೆ ‘ಯುವರ್ ಬ್ರದರ್’ ಎಂದು ಹಾಕಿಸುತ್ತಿದ್ದೆ.

“ಮಾವ, ಕಂಪನಿಗೆ ಹೋಗೋ ಮೇಲಲ್ಲಿ ಹಂಗೆಲ್ಲಾ ಬರೀಬಾರ್ದು.”

“ಕಂಪನಿ ಓದ್ತದೇನಮ್ಮ? ಅಣ್ಣ ಓದ್ತಾರೆ. ಹಾಕು.”

ಆದರೆ ಕಂಪನಿಯೂ ಓದಿತು. ಹೊರರಾಜ್ಯದಿಂದ ಒಬ್ಬ ಮೇಡಂ ಖರೀದಿ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ಬಂದವರು ಹಳೆಯ ಮೇಲ್‌ಗಳನ್ನೆಲ್ಲ ತೆಗೆಸಿ ನೋಡಿದರು. ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು. ದನಿ ತಗ್ಗಿಸಿದ್ದರು.

“ತಮ್ಮಾ, ನೀನು ನನ್ನ ಒಡಹುಟ್ಟಿದೋನು ಅಂತ ಹಿಡ್ಕೊಂಡವ್ರೆ ಕಣೋ. ಸ್ವಂತ ತಮ್ಮನಿಗೆ ಆರ್ಡರ್ ಕೊಡ್ತಾ ಬಂದು ಕಂಪನಿಗೆ ತಿಳಿಸಿಲ್ಲ ಅಂತ ನನ್ನ ಮೇಲೆ ಬಂದಿದೆ.”

“ನಮ್ಮ ಕಡೆ ಎಲ್ರನ್ನೂ ಹಂಗೇ ಕರೀತಾರೆ ಅಂತ ಹೇಳ್ಬೇಕಾಗಿತ್ತಣ್ಣ!”

“ಹೇಳ್ದೆ. ಬಾಯಲ್ಲಿ ಹೇಳಿದ್ದು ಅವರಿಗೆ ಬೇಡ. ನಿನಗೇ ಮೇಲ್ ಕಳಿಸ್ತಾರೆ. ಸರಿಯಾಗಿ ಉತ್ತರ ಬರಿ. ಇನ್ನು ಮೇಲೆ ನನಗೆ ಬರೆಯೋದೂ ನೆಟ್ಟಗೆ ಬರಿ, ಪ್ರತಿಯೊಂದಕ್ಕೂ ಅವರಿಗೊಂದು ಕಾಪಿ ಹಾಕು. ನನ್ನ ಕುರ್ಚಿ ಅಲ್ಲಾಡ್ತಾ ಇದೆ ಕಣೋ.”

ಸಂಜೆಗೆ ಮೇಡಂ ಅವರ ಮೇಲ್ ಬಂತು. ಎರಡೇ ಸಾಲು. ಈ ಅಧಿಕಾರಿಗೂ ನಿಮಗೂ ಏನು ಸಂಬಂಧ, ಬರಹದಲ್ಲಿ ತಿಳಿಸಿ. ಮೇಲೆ ‘ಡಿಯರ್ ಸಪ್ಲೈಯರ್’, ಕೆಳಗೆ ‘ರಿಗಾರ್ಡ್ಸ್’, ಅದರಡಿ ಅವರ ಹೆಸರು, ಹುದ್ದೆ. ಸೊಸೆ ಕಂಪ್ಯೂಟರ್ ಮುಂದೆ ಕೂತಳು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡೆ.

“ರೆಸ್ಪೆಕ್ಟೆಡ್ ಮೇಡಂ ಅಂತ ಹಾಕಮ್ಮ. ಮರ್ಯಾದೆ ಜಾಸ್ತಿ ಇರ್ಲಿ.”

“ಅದು ಸ್ಕೂಲಿನ ರಜಾ ಚೀಟಿ ಮಾವ. ಜ್ವರ ಬಂದಿದೆ, ದಯವಿಟ್ಟು ರಜೆ ಕೊಡಿ ಅಂದಂಗಾಗ್ತದೆ.”

ಅವಳು ಹೇಳಿದ್ದು ಸರಿಯೇ. ವಿಪರೀತ ಬಗ್ಗಿ ಕೈಮುಗಿದು ಬಂದ ಗಿರಾಕಿಯನ್ನು ಕಂಡರೆ ನನಗೂ ಅನುಮಾನವೇ. ಮೇಡಂ ಅವರ ಹೆಸರು ಹಾಕೋಣವೇ ಎಂದು ಕೇಳಿದೆ. ಅವರು ನಮ್ಮನ್ನು ಹೆಸರಿಟ್ಟು ಕರೆದಿಲ್ಲ, ನಾವಾಗಿ ಆ ಸಲಿಗೆಗೆ ಹೋಗಬಾರದು ಎಂದಳು. ಕೊನೆಗೆ ‘ಡಿಯರ್ ಮೇಡಂ’ ಎಂದಾಯಿತು. ಹಾಗೆ ಹೆಸರಿಲ್ಲದೆ ಶುರು ಮಾಡಿದರೆ ಕೊನೆಯಲ್ಲಿ ‘ಯುವರ್ಸ್ ಫೇತ್‌ಫುಲಿ’ ಬರಬೇಕಂತೆ. ಹೆಸರು ಹಿಡಿದು ಬರೆದಿದ್ದರೆ ‘ಸಿನ್ಸಿಯರ್ಲಿ’. ಎಷ್ಟು ಅಚ್ಚುಕಟ್ಟು ನೋಡಿ. ಇಷ್ಟು ಕಟ್ಟುನಿಟ್ಟು ನಮ್ಮ ಮದುವೆಯ ಲಗ್ನಪತ್ರಿಕೆಯಲ್ಲೂ ಇಲ್ಲ. ನಡುವೆ ಅವಳು ಬರೆದದ್ದು ಇಷ್ಟೆ: ನಮ್ಮಿಬ್ಬರಿಗೆ ರಕ್ತಸಂಬಂಧವಿಲ್ಲ, ಹಿರಿಯರನ್ನು ಅಣ್ಣ ಎನ್ನುವುದು ನಮ್ಮ ಕಡೆಯ ವಾಡಿಕೆ. ನನ್ನ ಪೂರ್ತಿ ಹೆಸರು, ಘಟಕದ ಹೆಸರು ಹಾಕಿ ಕಳಿಸಿದಳು.

ಅದೇ ಸಂಜೆ ಮಾಲೂ ಹೊರಟಿತ್ತು. ಅದರ ಮೇಲ್ ಅಣ್ಣನಿಗೆ ಹೋಗಬೇಕು, ಮೇಡಂಗೆ ಕಾಪಿ. ಸೊಸೆ ‘ಡಿಯರ್ ಅಣ್ಣ’ ಅಳಿಸಿ ‘ಡಿಯರ್ ಸರ್’ ಮಾಡಿದಳು. ‘ಯುವರ್ ಬ್ರದರ್’ ಇದ್ದಲ್ಲಿ ‘ರಿಗಾರ್ಡ್ಸ್’ ಕೂತಿತು. ಎದುರಿಗೆ ನಿಂತು ಅವರನ್ನು ನಾನು ಸರ್ ಎಂದಿದ್ದರೆ ಇಬ್ಬರೂ ನಗುತ್ತಿದ್ದೆವು. ಮೇಲ್‌ನಲ್ಲಿ ಮಾತ್ರ ಅದು ಹೇಳಿ ಮಾಡಿಸಿದ ಹಾಗೆ ಕಾಣುತ್ತಿತ್ತು.

“ಈಗ ಸರಿಯಾಯ್ತು,” ಎಂದಳು. ನನಗೂ ಸರಿಯಾಯಿತು ಅನ್ನಿಸಿತು.

ಮರುದಿನ ಮೇಡಂ ಉತ್ತರಿಸಿದರು. ಸೊಸೆ ಓದಿ, ಮತ್ತೊಮ್ಮೆ ಮೇಲಿನಿಂದ ಓದಿದಳು.

“ಏನಂತಮ್ಮ?”

“ಇಷ್ಟು ವರ್ಷ ಅಣ್ಣ, ಬ್ರದರ್ ಅಂತ ಬರೆದೋರು, ನಾವು ಕೇಳಿದ ದಿನವೇ ಸರ್ ಅಂತ ಯಾಕೆ ಬದಲಾಯಿಸಿದ್ರಿ? ಬದಲಾಯಿಸಿ ಅಂತ ನಿಮಗೆ ಯಾರು ಹೇಳಿದ್ರು? ಅಂತ ಕೇಳವ್ರೆ ಮಾವ.”

ನಾನು ಎಷ್ಟೋ ವ್ಯಾಪಾರ ಮುರಿದುಬಿದ್ದದ್ದು ನೋಡಿದ್ದೇನೆ, ಆದರೆ ಇಂಥ ಕಡೆ ಸಿಕ್ಕಿಕೊಂಡಿರಲಿಲ್ಲ. ಅಣ್ಣನೇ ಹೇಳಿದರು ಎಂದರೆ ಅವರನ್ನು ನಾನೇ ಹಿಡಿದುಕೊಟ್ಟಂತೆ. ಯಾರೂ ಹೇಳಲಿಲ್ಲ ಎಂದರೆ ಸುಳ್ಳು. ಮತ್ತೆ ‘ಅಣ್ಣ’ ಎಂದು ಬರೆದರೆ ಮೊದಲಿನ ಅನುಮಾನವೇ ನಿಜ. ಸರ್ ಎಂದೇ ಮುಂದುವರಿಸಿದರೆ, ಯಾರೋ ಹೇಳಿಕೊಟ್ಟಿದ್ದಾರೆ ಎಂಬ ಎರಡನೆಯದು ನಿಜ. ಮೇಡಂ ಅವರಿಗೇ ಫೋನ್ ಮಾಡಿದೆ. “ಮೇಡಂ, ಅವರ್ ಸೈಡ್ ಎವ್ರಿಬಡಿ ಅಣ್ಣ…” ಎನ್ನುವಷ್ಟರಲ್ಲಿ ಅತ್ತಲಿಂದ, ದಯವಿಟ್ಟು ಮೇಲ್ ಮಾಡಿ ಎಂದು ಬಹಳ ಮರ್ಯಾದೆಯಿಂದ ಹೇಳಿ ಇಟ್ಟರು. ಮುಖ ನೋಡಿ ಮಾತಾಡೋಣ ಎಂದು ಬೆಂಗಳೂರಿಗೂ ಹೋದೆ. ಸರಬರಾಜುದಾರರನ್ನು ಈ ವಿಷಯಕ್ಕೆ ಭೇಟಿ ಮಾಡುವುದಿಲ್ಲ ಎಂದು ಕೆಳಗಿನ ಕೌಂಟರಿನಲ್ಲೇ ಹೇಳಿದರು. ಅಣ್ಣನನ್ನು ಕರೆಸಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಸ್ ಹತ್ತಿದೆ.

ಕೊನೆಗೆ ಸೊಸೆ ಬರೆದಳು: ನಿಮ್ಮ ಕಚೇರಿಯ ಕ್ರಮಕ್ಕೆ ಹೊಂದಲೆಂದು ಬದಲಾಯಿಸಿದೆವು. ಯಾರು ಹೇಳಿದರು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಡಿಯರ್ ಮೇಡಂ, ಯುವರ್ಸ್ ಫೇತ್‌ಫುಲಿ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಹೊಸದಾಗಿ ವ್ಯಾಪಾರಕ್ಕೆ ಬರುವವರು ಕೇಳಿದರೆ ನಾನು ಹೇಳುವುದು ಇದನ್ನೇ: ಸಲಿಗೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ಮೇಲ್‌ನಲ್ಲಿ ಮೊದಲ ದಿನದಿಂದಲೇ ಸರ್, ಮೇಡಂ, ರಿಗಾರ್ಡ್ಸ್. ಓದುವವರು ಒಬ್ಬರೇ ಎಂದುಕೊಳ್ಳಬೇಡಿ. ಬುದ್ಧಿ ಹೇಳುವುದು ಸುಲಭ. ಅಣ್ಣನಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಕೆಲವು ದಿನಗಳ ನಂತರ ಅಣ್ಣನಿಂದ ಮೇಲ್ ಬಂತು. ಡಿಯರ್ ಸರ್, ನನ್ನನ್ನು ಗೋದಾಮಿನ ವಿಭಾಗಕ್ಕೆ ಬದಲಾಯಿಸಿದ್ದಾರೆ, ನೂಲಿನ ವಿಷಯಕ್ಕೆ ಇನ್ನು ಮುಂದೆ ಬೇರೆ ಅಧಿಕಾರಿಯನ್ನು ಸಂಪರ್ಕಿಸಿ, ರಿಗಾರ್ಡ್ಸ್. ಅದರ ಕೆಳಗೆ ಅವರ ಪೂರ್ತಿ ಹೆಸರು. ಅದನ್ನು ನಾನು ಅಲ್ಲಿಯವರೆಗೆ ಬಿಡಿಸಿ ಓದಿಯೇ ಇರಲಿಲ್ಲ. ಫೋನ್ ಮಾಡಿದೆ. ರಿಂಗಾಯಿತು, ತೆಗೆಯಲಿಲ್ಲ. ಅಕ್ಕಪಕ್ಕ ಯಾರಾದರೂ ಇದ್ದರೋ, ನನ್ನ ದನಿಯೇ ಬೇಡವಾಗಿತ್ತೋ.

“ಉತ್ತರ ಬರೀಬೇಕು ಮಾವ. ಮೇಲ್ ಮುಟ್ಟಿತು ಅಂತನಾದ್ರೂ.”

“ಅಣ್ಣ ಅಂತ ಹಾಕಮ್ಮ. ಈಗ ಇನ್ನೇನು ಹೋಗೋದಿದೆ?”

ಅವಳು ಪರದೆಯ ಮೇಲೆ ಬೆರಳಿಟ್ಟಳು. ಕಾಪಿಯ ಜಾಗದಲ್ಲಿ ಮೇಡಂ ಹೆಸರಿತ್ತು.

“ಗೋದಾಮಾದ್ರೂ ಉಳೀಲಿ ಮಾವ ಅವರಿಗೆ.”

‘ಡಿಯರ್ ಸರ್’ ಎಂದೇ ಹಾಕಲು ಹೇಳಿದೆ.