ಶಬ್ದ: ಇಲ್ಲ

ನಮ್ಮ ಬೀದರ ಮೈಸೂರು ರಾಜ್ಯಕ್ಕ ಸೇರಿ ಒಂದು ತಿಂಗಳಾಗಿತ್ತು. ಅದರ ಮ್ಯಾಲ ಒಂದು ಸಣ್ಣ ಸಿನಿಮಾ ತೆಗಿಯಾಕ ಮೈಸೂರಿಂದ ಒಬ್ರು ಡೈರೆಕ್ಟರು, ಒಬ್ಬ ಸೌಂಡಿನವ ಜೀಪಿನಾಗ ಬಂದಿದ್ರು. ಶೂಟಿಂಗಿಗಿ ಮೊದಲ ಜಾಗಾ ನೋಡಿ ಬರಿಯೋ ಕೆಲಸ ನಂದು. ಜಾಗಕ್ಕ ನಾಕು ಸಾಲು: ಬೆಳಕು, ಶಬ್ದ, ಕರೆಂಟು, ಪರವಾನಗಿ. ಅದನ್ನ ನೋಡಿ ಡೈರೆಕ್ಟರು ಸ್ಕ್ರಿಪ್ಟ್ ಪಕ್ಕಾ ಮಾಡೋರು. ಕೈಯಾಗ ವಹಿ, ಕಿವಿಗಿ ಪೆನ್ಸಿಲ್ಲು. ನನ್ನ ಡೌಲು ಏನು ಕೇಳ್ತೀರಿ!

ಬೀದರ ಕಚೇರಿಯೊಳಗ ಗುಮಾಸ್ತ ಪರವಾನಗಿ ಕೊಟ್ಟ, ಆದ್ರ ಕಾಗದ ಹಳೀ ರಾಜ್ಯದ್ದು. ಹೈದರಾಬಾದ್ ಅನ್ನೋದರ ಮ್ಯಾಲ ಗೆರಿ ಎಳೆದು, 'ಮೈಸೂರು' ಅಂತ ಬರೆದು ಠಪ್ಪಂತ ಠಸೆ ಹೊಡೆದ. "ರಾಜ್ಯ ಬದಲಾಗ್ಯಾದರಿ, ಕಾಗದ ಇನ್ನಾ ಮುಗಿದಿಲ್ಲ," ಅಂದ. ಭಾಲ್ಕಿ ಸ್ಟೇಶನ್ ಮಾಸ್ತರು ಈ ಕಾಗದ ಕಣ್ಣೆತ್ತಿ ಸೈತ ನೋಡ್ಲಿಲ್ಲ. ರೈಲ್ವೆ ಪರವಾನಗಿ ರೈಲ್ವೆಯವ್ರೇ ಕೊಡಬೇಕಂತ. ಸ್ಟೇಶನ್ನಿನಾಗ ತೆಗಿಬೇಕಂದಿದ್ದ ಸೀನು ಅಲ್ಲೇ ಸತ್ತಿತು.

ಉಳಿದದ್ದು ಔರಾದ. ಅಲ್ಲಿ ಒಬ್ರು ಅಕ್ಕೋರು ಇದ್ರು. ಸಾಲಿ ಎಲ್ಲಾ ಉರ್ದುದಾಗ ನಡೀತಿದ್ದ ಕಾಲಕ್ಕ ತಮ್ಮ ಮನಿ ಅಂಗಳದಾಗ ಹುಡುಗರಿಗಿ ಕನ್ನಡ ಕಲಿಸಿದಾಕಿ. ಅವರು ಅದೇ ಅಂಗಳದಾಗ ಕುಂತು, ತಮ್ಮ ಬಾಯಿಲೇ ಅದನ್ನ ಹೇಳೋ ಸೀನು. ಬರೆದಾಂವ ನಾನೇ. ಮೈಸೂರು ಕಡಿಯವ್ರು ನಮ್ಮ ಕನ್ನಡ ನಮ್ಮ ಬಾಯಿಂದ ಕೇಳ್ಲಿ ಅನ್ನೋ ಆಸೆ ನಂದು. ಡೈರೆಕ್ಟರಿಗಿ ಅನುಮಾನ. ಗದ್ದಲ ಇದ್ರ ಸೀನು ತೆಗೆದು, ಮದ್ರಾಸಿನ ಸ್ಟುಡಿಯೋದಾಗ ಯಾರಿಂದಾದ್ರೂ ಓದಿಸ್ತೀನಿ ಅಂತ ಮೊದಲೇ ಹೇಳಿದ್ರು.

ನಾವು ಮೂವರೂ ಹೋದಾಗ ಔರಾದ ಸದ್ದಿಲ್ಲದೆ ತಣ್ಣಗಿತ್ತು. ನಾ ಬರೆದೆ: ಬೆಳಕು, ಮುಂಜಾನಿ ಎಂಟೂವರೆಯಿಂದ ಹತ್ತೂವರೆ ಚಂದ, ಆಮ್ಯಾಲ ನೆರಳು ಬೀಳ್ತದ. ಕರೆಂಟು, ಊರಾಗ ಇಲ್ಲ; ಜನರೇಟರ್ ದೂರ, ಓಣಿ ಆಚಿ ನಿಲ್ಲಿಸಬೇಕು. ಪರವಾನಗಿ, ಅಕ್ಕೋರು ಒಪ್ಯಾರ. ಶಬ್ದ, ಇಲ್ಲ.

ಸೌಂಡಿನವ ಮೈಕ್ ಹಿಡಿದು ಅಕ್ಕೋರಿಗಿ ಮಾತಾಡ್ರಿ ಅಂದ. ಬಾಯಿ ತೆಗೆದ್ರು ನೋಡ್ರಿ, ಯಂತ್ರದ ಮುಳ್ಳು ಹೋಗಿ ಆ ತುದಿಗಿ ಬಡೀತು. ಡೈರೆಕ್ಟರು ನಕ್ಕರು. "ಇವರು ಯಾರ ಮೇಲಾದರೂ ಜಗಳಕ್ಕೆ ಹೋಗ್ತಾ ಇದ್ದಾರಾ?" ನನಗ ಮಾರಿ ಎಲ್ಲಿ ಇಟ್ಕೋಬೇಕೋ ತಿಳೀಲಿಲ್ಲ. "ಅಕ್ಕೋರೆ, ಜರಾ ಮೆತ್ತಗ ಹೇಳ್ರಿ. ಮೈಸೂರಿನವ್ರು ನಮಗ ಒರಟ ಅಂತಾರ," ಅಂದೆ. ಅವರು ನನ್ನ ಮಾರಿ ನೋಡಿ, ಸೆರಗು ಸರಿ ಮಾಡ್ಕೊಂಡ್ರು.

ವಾಪಸ ಬರುವಾಗ ದಾರಿ ಬಾಜೂಕಿನ ಹೊಲದಾಗ ಒಂದೂ ಎತ್ತು ಕಾಣ್ಲಿಲ್ಲ. ಅಯ್ಯೋ ಶಿವನೆ, ಇವತ್ತು ಅಮಾಸಿ! ಅಮಾಸಿಗಿ ನಮ್ಮ ಕಡಿ ಯಾರೂ ಎತ್ತು ಹೂಡಂಗಿಲ್ಲ, ಗಾಡಿ ಕಟ್ಟಂಗಿಲ್ಲ, ಗಿರಣಿ ಸುದ್ದಾ ಬಂದ್. ನಾ 'ಶಬ್ದ, ಇಲ್ಲ' ಅಂತ ಬರೆದದ್ದು ಬರೀ ಅಮಾಸಿ ದಿನದ್ದು. ಮೈಸೂರಿನವ್ರಿಗಿ ತಿಳೀಲಿಲ್ಲ ಅಂದ್ರ ಮಾತು ಬ್ಯಾರೆ. ನಾ ಇಲ್ಲೇ ಹುಟ್ಟಿದ ಕತ್ತೆ!

ಬಾಯಿ ಮುಚ್ಚಿಕೊಂಡಿದ್ರ ಸೀನು ಸ್ಕ್ರಿಪ್ಟಿನಾಗ ಉಳೀತಿತ್ತು. ಶೂಟಿಂಗ್ ದಿನ ಮಾತ್ರ ಮಣ್ಣು ಮುಕ್ಕಬೇಕಾಗ್ತಿತ್ತು. ಹೇಳಿಬಿಟ್ಟೆ. ಡೈರೆಕ್ಟರು ಸೀನು ಹೊಡೆದುಹಾಕಾಕ ಕೆಂಪು ಪೆನ್ಸಿಲ್ ಹಿರಿದ್ರು. "ಇನ್ನೊಂದ್ಸಲ ಹೋಗಿ ಕೇಳ್ರಿ ಸಾಹೇಬ್ರ, ಕೈ ಮುಗಿತೇನಿ," ಅಂತ ಗೋಗರೆದೆ.

ಮರುದಿನ ಹೋದ್ವಿ. ಅಕ್ಕೋರ ಮನಿ ಗೋಡಿಗಿ ಹತ್ತಿಕೊಂಡೇ ಹಿಟ್ಟಿನ ಗಿರಣಿ, ಡೀಸೆಲ್ ಎಂಜಿನ್ನು, ಧಡ್ ಧಡ್ ಧಡ್. ನಿನ್ನಿ ಕದ ಹಾಕಿದ್ದನ್ನ ನೋಡಿ ಗೋದಾಮು ಅಂದ್ಕೊಂಡಿದ್ದೆ. ಅಂಗಳದಾಗ ಅಕ್ಕೋರು ಹುಡುಗರಿಗಿ ಮಗ್ಗಿ ಹೇಳಸ್ತಿದ್ರು. ಗಿರಣಿ ಮ್ಯಾಲ ಅವರ ದನಿ ಒಂದಕ್ಷರ ಬಿಡದಂಗ ನಿಚ್ಚಳ ಕೇಳ್ತಿತ್ತು. ವರ್ಷಾನುಗಟ್ಟಲೆ ಇದೇ ಸದ್ದಿನಾಗ ಕಲಿಸಿದ ದನಿ ಅದು. ನಾ ಅದಕ್ಕ ಒರಟು ಅಂದಿದ್ದೆ. ನನ್ನ ಮ್ಯಾಲ ನನಗೇ ಹೇಸಿಗಿ ಬಂತು.

ಸೌಂಡಿನವ ಮೈಕನ್ನ ಅವರ ಗದ್ದದಿಂದ ಒಂದು ಗೇಣು ಕೆಳಗ ಹಿಡಿದು, ಕಿವಿಗಿ ಯಂತ್ರ ಹಚ್ಕೊಂಡು ಭಾಳೊತ್ತು ಕೇಳಿದ. "ಆಗುತ್ತೆ ಸಾರ್. ದೂರದ ಶಾಟ್ ಬೇಡ, ಮುಖ ಅಷ್ಟೇ ತೋರಿಸಿ, ಮೈಕ್ ಹತ್ತಿರ ಇಡಬಹುದು. ಗೋಡೆಗೆ ದಪ್ಪ ಕಂಬಳಿ ಕಟ್ಟೋಣ. ಗಿರಣಿ ಸದ್ದು ಒಂದೇ ಸಮ ಇದೆ. ಅದನ್ನೇ ಬೇರೆಯಾಗಿ ಐದು ನಿಮಿಷ ರೆಕಾರ್ಡ್ ಮಾಡಿಕೊಂಡರೆ, ಜೋಡಿಸೋವಾಗ ಎಲ್ಲಿ ಕತ್ತರಿಸಿದ್ದೀವಿ ಅಂತ ಗೊತ್ತಾಗಲ್ಲ." ಡೈರೆಕ್ಟರು ಅಲ್ಲೇ ಜೀಪಿನ ಬಾನೆಟ್ ಮ್ಯಾಲ ಸ್ಕ್ರಿಪ್ಟ್ ಇಟ್ಟು ಸೀನು ತಿದ್ದಿದ್ರು: ಹತ್ತಿರದ ಶಾಟ್, ಹಿಂದ ಗಿರಣಿ ನಡೀತಿರಲಿ. ಕೆಂಪು ಪೆನ್ಸಿಲ್ ಜೇಬಿನಾಗ ಹೋಯ್ತು.

ನಾ ಅಕ್ಕೋರ ಹತ್ರ ಹೋಗಿ, "ತಪ್ಪಾತರಿ ಅಕ್ಕೋರೆ. ನಿನ್ನಿ ಮೆತ್ತಗ ಅಂತ ಅನ್ನಬಾರದಿತ್ತು," ಅಂದೆ. ಗಿರಣಿ ಸದ್ದಿನಾಗ ಅದು ನನಗೇ ಕೇಳ್ಲಿಲ್ಲ. ಎರಡು ಸಲ ಒದರಿ ಹೇಳಬೇಕಾತು.

ಅಕ್ಕೋರು ನಕ್ಕು ಅಂದ್ರು: "ಅದಕ್ಯಾಕ ಇಷ್ಟ್ ಮಾರಿ ಸಣ್ಣ ಮಾಡ್ತೀಯಪ್ಪಾ? ಮೈಸೂರು ಭಾಳ ದೂರ ಅದ. ಅಲ್ಲೀ ತನಕ ಕೇಳಬೇಕಲ್ಲ."