ತೂಕದ ಮೇಲಿನ ಕೊಸರು

ಪದ್ಮನಾಭನಗರದ ನಮ್ಮ ದಿನಸಿ ಅಂಗಡಿಯಲ್ಲಿ ಒಂದು ವರ್ಷ ಸ್ಟಾಕ್ ತೂಗಿ ನೋಡಿದಾಗ ಕಡಲೆಬೀಜ ಪುಸ್ತಕದಲ್ಲಿದ್ದದ್ದಕ್ಕಿಂತ ಆರು ಕಿಲೋ ಕಡಿಮೆ ಬಂತು. ಯಾರೋ ಕದ್ದಿದ್ದಾರೆಂದು ನಾನು ರೇಗಾಡಿದೆ. ನಮ್ಮ ಆಡಿಟರ್ ಮಾತ್ರ ಬೆಳಿಗ್ಗೆಯೆಲ್ಲ ಅಪ್ಪನ ಕೈಯನ್ನೇ ನೋಡುತ್ತ ಕುಳಿತರು. ತೂಕ ಸರಿಯಾದ ಮೇಲೂ ಅಪ್ಪ ಪ್ರತಿ ಚೀಲಕ್ಕೂ ಒಂದಿಷ್ಟು ಕೊಸರು ಹಾಕುತ್ತಿದ್ದರು. ಬಿಲ್ಲಿನಲ್ಲಿ ಅದು ಬರುತ್ತಿರಲಿಲ್ಲ.

“ಕಳ್ಳ ಇಲ್ಲೇ ಇದಾರೆ ಮೇಡಂ,” ಎಂದು ಆಡಿಟರ್ ನಕ್ಕರು. “ಪುಸ್ತಕದ ಸ್ಟಾಕನ್ನ ತೂಗಿದಷ್ಟಕ್ಕೆ ಇಳಿಸಿ. ಆ ಆರು ಕಿಲೋನ ಕೊರತೆ ಖರ್ಚು ಅಂತ ಹಾಕಿ. ಮಾರೋ ರೇಟಲ್ಲಲ್ಲ, ಕೊಂಡ ರೇಟಲ್ಲಿ. ಕಾರಣಾನೂ ಬರೆದಿಡಿ.”

ಅಪ್ಪ ತೀರಿಕೊಂಡ ಮೇಲೆ ನಾನು ಕೊಸರು ನಿಲ್ಲಿಸಿದೆ. ಈ ವರ್ಷ ಪುಸ್ತಕವೂ ತಕ್ಕಡಿಯೂ ಒಂದೇ ಮಾತು ಹೇಳಿದವು. ಹಳೆಯ ಗಿರಾಕಿಗಳು ಮಾತ್ರ ತೂಕ ಮುಗಿದರೂ ಚೀಲದ ಬಾಯಿ ಹಿಡಿದುಕೊಂಡೇ ನಿಂತಿರುತ್ತಾರೆ.